ನೋವಿಲ್ಲ ಕಣಮ್ಮ

ಭಾನುವಾರ ರಾತ್ರಿ ಊಟ ಮುಗಿಸಿ ಕೂತಿದ್ದೆ. ಶ್ರೀನಿವಾಸಪುರದ ಕಡೆ ಇರೋ ನಮ್ಮ ಸೋದರಮಾವನ ಮಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. "ಅಕ್ಕ, ಅಪ್ಪನ ಅಂಗಾಲಲ್ಲಿ ಸಣ್ಣ ತೂತಾಗಿದೆ. ಯಾವ ಮುಲಾಮು ಹಚ್ಚಲಿ?"

ಕೋಲಾರದಲ್ಲಿ ಡ್ರೆಸ್ಸಿಂಗ್ ರೂಮಿನ ಕೆಲಸ ಮಾಡ್ತಾ ಹನ್ನೊಂದು ವರ್ಷವಾಯ್ತು. ಇಂಥ ಫೋಟೋ ನನಗೆ ಹೊಸದಲ್ಲ. ಹೆಬ್ಬೆರಳ ಬುಡದ ಉಬ್ಬಿನಲ್ಲಿ ಕಡಲೆಕಾಳಿನಷ್ಟು ಗಾಯ, ಸುತ್ತ ದಪ್ಪಗೆ ಜಡ್ಡುಗಟ್ಟಿದ ಹಳದಿ ಚರ್ಮ, ಒಳಗೆ ಬೂದುಬಣ್ಣದ್ದೇನೋ. ಅತ್ತೆ ಅರಿಶಿನ ಮೆತ್ತಿದ್ದರಿಂದ ಅರ್ಧ ಕಾಣಿಸುತ್ತಲೇ ಇರಲಿಲ್ಲ. ಫ್ಲ್ಯಾಶ್ ಹಾಕಿ ತೆಗೆದಿದ್ದ, ಕೆಂಪು ಇದ್ದರೂ ಬೆಳಕಲ್ಲಿ ತೊಳೆದುಹೋಗಿತ್ತು. ಪಕ್ಕದ ಕಾಲು ಫೋಟೋದಲ್ಲಿ ಇಲ್ಲ, ಹೋಲಿಸಿ ನೋಡೋದಕ್ಕೆ.

ಫೋನ್ ಮಾಡಿದೆ. ಮಾವನೇ ತಗೊಂಡ್ರು. "ಏನೂ ಇಲ್ಲ ಬಿಡು, ನೋವೇ ಇಲ್ಲ ಕಣಮ್ಮ. ಇವತ್ತೂ ತೋಟಕ್ಕೆ ಹೋಗಿಬಂದೆ."

ನೋವಿಲ್ಲ ಕಣಮ್ಮ. ಈ ವಾರವೆಲ್ಲ ಆ ಮಾತು ಕಿವಿಯಲ್ಲೇ ಇದೆ. ಅವರು ನನಗೆ ಧೈರ್ಯ ಹೇಳಿದ್ದು. ನನಗೆ ಕೈಕಾಲು ತಣ್ಣಗಾಯ್ತು. ಅಂಗಾಲಲ್ಲಿ ತೂತಿರೋ ಮನುಷ್ಯ ಕುಂಟದೆ ಮಾವಿನ ತೋಟ ಸುತ್ತಿ ಬರ್ತಾನೆ ಅಂದ್ರೆ ಅವನ ಕಾಲಿನ ನರ ಸತ್ತಿದೆ ಅಂತಲೇ ಅರ್ಥ. ಹದಿನಾರು ವರ್ಷದ ಶುಗರ್ ಅವರದು. ನನಗೂ ನಿಮಗೂ ಮುಳ್ಳು ಚುಚ್ಚಿದರೆ ಕಾಲು ತಾನಾಗಿ ಎತ್ತಿಕೊಳ್ಳುತ್ತೆ, ಎರಡು ದಿನ ಕುಂಟುತ್ತೇವೆ, ಆ ಕುಂಟಿನಲ್ಲೇ ಗಾಯಕ್ಕೆ ಬಿಡುವು ಸಿಗುತ್ತೆ. ಅವರಿಗೆ ಆ ಬಿಡುವೇ ಇಲ್ಲ. ಒಂದೊಂದು ಹೆಜ್ಜೆಗೂ ಮೈಭಾರವೆಲ್ಲ ಅದೇ ಜಾಗದ ಮೇಲೆ.

"ಈಗಲೇ ಕರ್ಕೊಂಡು ಬಾ" ಅಂದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರ್ತೀವಿ ಅಂದ ಹುಡುಗ. ಒಳ್ಳೆಯವನೇ, ಅಪ್ಪ ಅಂದ್ರೆ ಪ್ರಾಣ. ಆದರೆ ಹಸು ಒಂದು ಕಾಲು ಎಳೆದರೆ ಆ ಕ್ಷಣವೇ ಡಾಕ್ಟರಿಗೆ ಫೋನ್ ಮಾಡೋ ಮನೆ ಅದು. ಹಸು ಕುಂಟುತ್ತೆ, ಮಾವ ಕುಂಟಲಿಲ್ಲ. ಅಷ್ಟಕ್ಕೇ ಯಾರೂ ನೋಡಲಿಲ್ಲ. ಸರಿ, ಒಂದು ಕೆಲಸ ಮಾಡು ಅಂದೆ. ಪಾದದ ಮೇಲೆ ಚರ್ಮ ಎಲ್ಲಿಯವರೆಗೆ ಬಿಸಿಯಾಗಿ, ಮಿರುಗುಟ್ಟುತ್ತಾ, ಇನ್ನೊಂದು ಕಾಲಿಗಿಂತ ಕಪ್ಪು ಕೆಂಪಾಗಿ ಕಾಣುತ್ತೋ ಅಲ್ಲಿ ಪೆನ್ನಿನಿಂದ ಗೆರೆ ಎಳಿ. ನಮ್ಮ ಮೈಬಣ್ಣಕ್ಕೆ ಸೋಂಕು ಪುಸ್ತಕದಲ್ಲಿರೋ ಹಾಗೆ ಕೆಂಪಗೆ ಕಾಣಲ್ಲ. ಕೈಯ ಹಿಂಭಾಗ ಇಟ್ಟು ಎರಡೂ ಕಾಲಿನ ಬಿಸಿ ಹೋಲಿಸಿದರೆ ಬೇಗ ಗೊತ್ತಾಗುತ್ತೆ.

ಸೋಮವಾರ ಬೆಳಿಗ್ಗೆ ಬಂದಾಗ ಬಾವು ಆ ಗೆರೆಯನ್ನು ಒಂದು ಬೆರಳಗಲ ದಾಟಿತ್ತು. ಒಂದೇ ರಾತ್ರಿಯಲ್ಲಿ. ಜ್ವರ ಇಲ್ಲ. ಸೋಂಕು ಆಳಕ್ಕೆ ಇಳಿದರೂ ಶುಗರ್ ಇರೋರಿಗೆ ಎಷ್ಟೋ ಸಲ ಜ್ವರ ಬರೋದಿಲ್ಲ. ಆದರೆ ಮಾತ್ರೆ ತಪ್ಪಿಸದೆ ತಗೊಳ್ತಿದ್ದರೂ ಶುಗರ್ ಮುನ್ನೂರ ನಲವತ್ತಕ್ಕೆ ಏರಿತ್ತು. ಕಾರಣವಿಲ್ಲದೆ ಹಾಗೆ ಏರಿದರೆ ಮೈಯೊಳಗೆ ಎಲ್ಲೋ ಸೋಂಕಿದೆಯಾ ಅಂತ ಹುಡುಕಬೇಕು. ಊರಿನ ಮೆಡಿಕಲ್ ಸ್ಟೋರಿನವರು ಗಾಯ ನೋಡದೆಯೇ ಮೂರು ದಿನದ ಆಂಟಿಬಯಾಟಿಕ್ ಕೊಟ್ಟಿದ್ದರಂತೆ. ಅದಕ್ಕೆ ನನಗೆ ಇನ್ನೂ ಸಿಟ್ಟಿದೆ.

ಸರ್ಜನ್ ಮೊದಲು ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರು, ಆಮೇಲೆ ಹಿಮ್ಮಡಿ ಗಂಟಿನ ಹಿಂದೆ. ಎರಡೂ ಕಡೆ ಸಿಕ್ಕಿತು. ರಕ್ತ ಹರೀತಿದೆ ಅಂತ ಗೊತ್ತಾಗದೆ ಕತ್ತರಿಸೋಕೆ ಕೈ ಹಾಕಬಾರದು. ರಕ್ತವೇ ಇಲ್ಲದೆ ಒಣಗಿ ಕಪ್ಪಾದ ಬೆರಳಾಗಿದ್ದರೆ ದಾರಿಯೇ ಬೇರೆ. ಆಮೇಲೆ ಬ್ಲೇಡ್ ತಗೊಂಡು ಸುತ್ತಲಿನ ಜಡ್ಡು ಚರ್ಮ ಹೆರೆದರು. ಮಾವ ನನ್ನ ಜೊತೆ ಈ ಸಲದ ಮಾವಿನ ಹೂವಿನ ಬಗ್ಗೆ ಮಾತಾಡ್ತಾ ಇದ್ದರು, ಮರಗಟ್ಟಿಸೋ ಇಂಜೆಕ್ಷನ್ ಇಲ್ಲದೆ. ಜಡ್ಡು ಹೋದಂತೆ ಕಡಲೆಕಾಳು ಎರಡು ರೂಪಾಯಿ ನಾಣ್ಯವಾಯಿತು. ಅಡಿಯಲ್ಲಿ ನೆನೆದ ಅವಲಕ್ಕಿ ಥರ ಬಿಳಿಹಳದಿ ಕೊಳೆತ ಪದರ, ಒಂದು ಮೂಲೆ ಕಪ್ಪು, ಆ ವಾಸನೆ. ಬದುಕಿರೋ ಮಾಂಸ ಕೆಂಪಗೆ, ಹರಳು ಹರಳಾಗಿ ಇರುತ್ತೆ, ಮುಟ್ಟಿದರೆ ರಕ್ತ ಜಿನುಗುತ್ತೆ. ಇಲ್ಲಿ ಅಂಥದ್ದು ಅಂಚಿನಲ್ಲಿ ಮಾತ್ರ. ಸತ್ತ ಪದರ ಇರೋವರೆಗೆ ಅದರಡಿ ಕ್ರಿಮಿ ಬೆಳೀತಾನೇ ಇರುತ್ತೆ, ಮೇಲೆ ಅರಿಶಿನ ಹಾಕಲಿ, ದುಬಾರಿ ಮುಲಾಮು ಹಾಕಲಿ.

ಕೊನೆಗೆ ಮೊಂಡು ತುದಿಯ ಸ್ಟೀಲ್ ಕಡ್ಡಿ. ಸರ್ಜನ್ ಅದನ್ನ ಮೆಲ್ಲಗೆ ಒಳಗೆ ಬಿಟ್ಟರು. ಒಂದೂವರೆ ಸೆಂಟಿಮೀಟರ್ ಇಳಿದು ನಿಂತಿತು. ಮೆತ್ತಗಲ್ಲ, ಕಲ್ಲಿಗೆ ತಾಗಿದ ಹಾಗೆ. ಅವರು ನನ್ನ ಮುಖ ನೋಡಿದರು. ಸೋಂಕಿರೋ ಗಾಯದಲ್ಲಿ ಕಡ್ಡಿಗೆ ಮೂಳೆ ಸಿಕ್ಕಿತು ಅಂದ್ರೆ ಮೂಳೆಗೂ ಸೋಂಕು ಹತ್ತಿರೋ ಸಂಭವ ಹೆಚ್ಚು. ಎಕ್ಸ್‌ರೇ ಚೆನ್ನಾಗೇ ಇತ್ತು, ಆದರೆ ಮೂಳೆ ಸೋಂಕು ಎಕ್ಸ್‌ರೇಯಲ್ಲಿ ಕಾಣೋಕೆ ಎರಡು ಮೂರು ವಾರ ಹಿಡಿಯುತ್ತೆ. ಆ ಆಳ, ಆ ವಾಸನೆ, ಆ ಬಿಸಿ, ಆ ನಾಡಿ, ಯಾವುದೂ ಭಾನುವಾರದ ಫೋಟೋದಲ್ಲಿ ಇರಲಿಲ್ಲ. ಫೋಟೋದಲ್ಲಿ ಇದ್ದದ್ದು ಬಾಯಿ ಮಾತ್ರ.

ಚಪ್ಪಲಿ ಎಲ್ಲಿ ಅಂತ ಕೇಳಿದೆ. ಹಳೇ ಹವಾಯಿ ಚಪ್ಪಲಿ, ಮಂಚದ ಕೆಳಗಿತ್ತು. ಒಳಗೆ ಕೈಯಾಡಿಸಿದೆ. ಹೆಬ್ಬೆರಳ ಬುಡ ಕೂರೋ ಜಾಗದಲ್ಲಿ ಬೆರಳಿಗೆ ಚುರುಕ್ ಅಂತು. ಬಳ್ಳಾರಿ ಜಾಲಿ ಮುಳ್ಳು. ಅಡಿಯಿಂದ ಹೊಕ್ಕು, ಹೊರಗೆ ಮುರಿದು, ಒಳಗೆ ಜೋಳದ ಕಾಳಿನಷ್ಟು ತಲೆ ಎತ್ತಿ ನಿಂತಿತ್ತು. ಎಷ್ಟು ದಿನದಿಂದಲೋ. ಅಷ್ಟು ದಿನವೂ ಅದರ ಮೇಲೆ ಕಾಲಿಟ್ಟು ತೋಟ ಸುತ್ತಿದ್ದಾರೆ.

ಅತ್ತೆ ಅಳೋಕೆ ಶುರು ಮಾಡಿದರು. ಅವರ ತಪ್ಪಿಲ್ಲ. ದಿನಾ ರಾತ್ರಿ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲನ್ನು ಬೆಳಕಿಗೆ ಹಿಡಿದು ನೋಡಬೇಕು ಅಂತ ಅವರಿಗೆ ಯಾರು ಹೇಳಿದ್ದರು? ನಾನೂ ಹೇಳಿರಲಿಲ್ಲ. ಹಬ್ಬಕ್ಕೆ ಹೋದಾಗೆಲ್ಲ ಮಾವನ ಶುಗರ್ ಎಷ್ಟು ಅಂತ ಕೇಳಿದ್ದೇನೆ, ಹೋಳಿಗೆ ತಿನ್ನಬೇಡಿ ಅಂದಿದ್ದೇನೆ, ಕಾಲು ತೋರಿಸಿ ಅಂತ ಒಂದು ಸಲವೂ ಕೇಳಿಲ್ಲ. ವಾರಕ್ಕೊಮ್ಮೆ ನೋಡಿದರೆ ಸಾಲದು ಅನ್ನೋದಕ್ಕೆ ಆ ಪೆನ್ನಿನ ಗೆರೆ ಸಾಕು. ಜಡ್ಡಿನೊಳಗೆ ಒಂದು ಕಪ್ಪು ಚುಕ್ಕೆ, ಒಂದು ನೀರ್ಗುಳ್ಳೆ, ಹಿಮ್ಮಡಿಯ ಬಿರುಕು, ಬೆರಳ ಸಂದಿಯಲ್ಲಿ ನೆನೆದ ಬಿಳಿ ಚರ್ಮ, ಇಷ್ಟರಲ್ಲೇ ಸಿಕ್ಕಿದ್ದರೆ ಡ್ರೆಸ್ಸಿಂಗ್, ಕಾಲಿಗೆ ಭಾರ ಬಿಡದೆ ಇರೋದು, ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ, ಅಷ್ಟರಲ್ಲಿ ಮುಗೀತಿತ್ತೇನೋ. ಚಪ್ಪಲಿ ಮೆಟ್ಟೋ ಮುಂಚೆ ಕೊಡವಿ ಒಳಗೆ ಕೈಯಾಡಿಸಬೇಕು. ಕಾಲಿಗೆ ಗೊತ್ತಾಗದ್ದು ಕೈಗೆ ಗೊತ್ತಾಗುತ್ತೆ.

ಮಂಗಳವಾರ ಆಪರೇಷನ್ ಥಿಯೇಟರಿನಲ್ಲಿ ಸತ್ತದ್ದನ್ನೆಲ್ಲ ತೆಗೆದು, ಮೂಳೆಯ ಚೂರನ್ನು ಲ್ಯಾಬಿಗೆ ಕಳಿಸಿದ್ದಾರೆ. ಮೂಳೆ ಉಳಿಸಿಕೊಂಡರೆ ಆರು ವಾರದ ಆಂಟಿಬಯಾಟಿಕ್ ಬೇಕಾಗಬಹುದು. ಹೆಬ್ಬೆರಳು ಉಳಿಯುತ್ತೋ ಇಲ್ಲವೋ ಇನ್ನೂ ಹೇಳೋಕಾಗಲ್ಲ.

ನಿನ್ನೆ ಡ್ರೆಸ್ಸಿಂಗ್ ಬಿಚ್ಚಿದಾಗ ಸರ್ಜನ್‌ಗೆ ಕಳಿಸೋಕೆ ಫೋಟೋ ತೆಗೆದೆ. ಈ ಸಲ ಪಕ್ಕದಲ್ಲಿ ಸ್ಕೇಲ್ ಇಟ್ಟು, ಫ್ಲ್ಯಾಶ್ ಇಲ್ಲದೆ, ಕಿಟಕಿ ಬೆಳಕಿನಲ್ಲಿ. ಮಾವ ಕೈ ಚಾಚಿ ಫೋನ್ ಇಸ್ಕೊಂಡರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಮಂಡಿ ಮಡಚೋಕಾಗದ ಅವರು ತಮ್ಮ ಅಂಗಾಲು ನೋಡಿ ಎಷ್ಟು ವರ್ಷವಾಗಿತ್ತೋ.

"ಇದು ನನ್ನ ಕಾಲಾ?" ಅಂದರು.

ಹೌದು ಮಾವ ಅಂದೆ. ಫೋನ್ ವಾಪಸ್ ಕೊಟ್ಟು, ಇನ್ನೊಂದು ಕಾಲನ್ನು ಮಂಚದ ಅಂಚಿಗೆ ಸರಿಸಿದರು. "ಈ ಕಾಲಿಂದೂ ಒಂದು ತೆಗಿ, ನೋಡೋಣ."