ಸಾವಿರ ಸಬ್‌ಸ್ಕ್ರೈಬರ್ಸ್‌ಗೆ ಥ್ಯಾಂಕ್ಸ್, ಮೊದಲು ಬರುವುದು ಸೀಲಿಂಗ್ ಫ್ಯಾನು

“ಸಾವಿರ ಜನ ಆದ್ರಲ್ಲ, ಇನ್ಮೇಲೆ ಯಾವ ರಿಪೇರಿ ವಿಡಿಯೊ ಹಾಕ್ತೀರಾ?”

ಮೊದಲು ನಿಮಗೆಲ್ಲ ಮನಸಾರೆ ಧನ್ಯವಾದ. ಮನೆಯ ರಿಪೇರಿಯನ್ನು ಕನ್ನಡದಲ್ಲಿ, ಆತುರವಿಲ್ಲದೆ ನೋಡುವ ಸಾವಿರ ಜನ ಸಿಕ್ಕಿದ್ದು ನಿಜಕ್ಕೂ ದೊಡ್ಡ ಸಂತೋಷ. ಮುಂದಿನ ಮೂರೂ ವಿಡಿಯೊಗಳು ಸೀಲಿಂಗ್ ಫ್ಯಾನಿನ ಮೇಲೆಯೇ ಬರುತ್ತವೆ.

ಮೊದಲನೆಯದು, ನಿಧಾನವಾದ ಫ್ಯಾನು. ಬಿಚ್ಚುವ ಮೊದಲು ರೆಗ್ಯುಲೇಟರನ್ನು 5ಕ್ಕೆ ಇಟ್ಟು ನೋಡಿ. ಈಗಿನ ಸ್ಟೆಪ್ ರೆಗ್ಯುಲೇಟರ್‌ಗಳಲ್ಲಿ 5ರಲ್ಲಿ ಕರೆಂಟು ಸಾಮಾನ್ಯವಾಗಿ ನೇರವಾಗಿ ಫ್ಯಾನಿಗೆ ಹೋಗುತ್ತದೆ. ಅಲ್ಲೂ ನಿಧಾನವಿದ್ದರೆ ತೊಂದರೆ ಫ್ಯಾನಿನಲ್ಲಿರುವ ಸಾಧ್ಯತೆಯೇ ಹೆಚ್ಚು. ಮನೆಯ ಎಲ್ಲ ಫ್ಯಾನೂ ಒಟ್ಟಿಗೆ ನಿಧಾನವಾಗಿದ್ದರೆ ವೋಲ್ಟೇಜ್ ಇಳಿದಿದೆ, ಫ್ಯಾನನ್ನು ಮುಟ್ಟಬೇಡಿ.

ಸ್ವಿಚ್ ಆಫ್ ಇದ್ದಾಗ ರೆಕ್ಕೆ ಕೈಗೆ ಸಲೀಸಾಗಿ ತಿರುಗುತ್ತದೆ, ಆನ್ ಮಾಡಿದರೆ ಬರೀ ಗುಂಯ್‌ಗುಡುತ್ತದೆ, ಇಲ್ಲವೇ ತೀರಾ ನಿಧಾನ ಓಡುತ್ತದೆ ಅಂದರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಅದು ರಾಡಿನ ಕೆಳತುದಿಯ ಕಪ್ಪಿನೊಳಗೆ ಇರುತ್ತದೆ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು, ಎಂಸಿಬಿಯನ್ನೇ ಇಳಿಸಿ. ವೈರಿಂಗ್ ಮಾಡಿದವರು ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿದ್ದರೆ ಫ್ಯಾನಿನಲ್ಲಿ ಫೇಸ್ ಹಾಗೇ ಇರುತ್ತದೆ. ಟೆಸ್ಟರ್ ಹಿಡಿದು ನೋಡಿದ ಮೇಲೆ, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್‌ನಿಂದ ಕೆಪಾಸಿಟರಿನ ಎರಡೂ ತುದಿ ತಾಗಿಸಿ ಉಳಿದ ಚಾರ್ಜ್ ಇಳಿಸಿ. ವೈರ್ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ; ತಪ್ಪು ಜೋಡಿಸಿದರೆ ಫ್ಯಾನು ಉಲ್ಟಾ ತಿರುಗಿ ಗಾಳಿ ಮೇಲಕ್ಕೆ ಹೋಗುತ್ತದೆ.

ವಿಡಿಯೊದಲ್ಲಿ ತೋರಿಸುವ ಕೆಪಾಸಿಟರಿನ ಮೇಲೆ 2.5 ಮೈಕ್ರೋಫ್ಯಾರಡ್, ±5% ಎಂದಿದೆ. ಅಂದರೆ ಮೀಟರು ಹೆಚ್ಚುಕಡಿಮೆ 2.4ರಿಂದ 2.6ರ ಒಳಗೆ ತೋರಿಸಬೇಕು. ತೋರಿಸುವುದು 1.6. ಹೊರಗೆ ಉಬ್ಬಿಲ್ಲ, ಸುಟ್ಟಿಲ್ಲ, ಕಣ್ಣಿಗೆ ಹೊಸದರಂತೆಯೇ ಇದೆ. ಹಾಗಾಗಿ ಕಣ್ಣಳತೆ ನಂಬದೆ ಕೆಪಾಸಿಟನ್ಸ್ ಅಳೆಯುವ ಮಲ್ಟಿಮೀಟರಿನಲ್ಲೇ ನೋಡಬೇಕು. ಹೊಸದು ಅದೇ 2.5 ಇರಲಿ, ವೋಲ್ಟೇಜ್ ಹಳೆಯದರ ಮೇಲೆ ಬರೆದದ್ದಕ್ಕಿಂತ ಕಡಿಮೆ ಬೇಡ. “ಸ್ಪೀಡ್ ಜಾಸ್ತಿ ಬರುತ್ತೆ” ಅಂತ ಅಂಗಡಿಯಲ್ಲಿ 3.15 ಕೊಟ್ಟರೆ ತರಬೇಡಿ. ಸ್ಟಾರ್ಟಿಂಗ್ ವೈಂಡಿಂಗಿನಲ್ಲಿ ಕರೆಂಟು ಹೆಚ್ಚಾಗಿ ಮೋಟಾರು ಬಿಸಿಯಾಗುತ್ತದೆ.

ಎರಡನೆಯದು ಬೇರಿಂಗ್. ರೆಕ್ಕೆ ಕೈಗೇ ಬಿಗಿ, ತಿರುಗಿದರೆ ಗರಗರ ಸದ್ದು ಅಂದರೆ ಕೆಪಾಸಿಟರ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ಹೆಚ್ಚಿನ ಫ್ಯಾನುಗಳಲ್ಲಿ 6201 ಮತ್ತು 6202 ಇರುತ್ತವೆ, ಆದರೂ ಬಿಚ್ಚಿ ನಂಬರ್ ಓದಿಯೇ ತನ್ನಿ. ಸುತ್ತಿಗೆಯಿಂದ ಹೊಡೆಯದೆ ಪುಲ್ಲರ್ ಹಾಕಿ ತೆಗೆಯುವುದನ್ನು ಹತ್ತಿರದಿಂದ ತೋರಿಸುತ್ತೇನೆ. ಮೂರನೆಯದು ರೆಗ್ಯುಲೇಟರ್: 5ರಲ್ಲಿ ಸರಿ, 2 ಮತ್ತು 3ರಲ್ಲಿ ಮಾತ್ರ ತೊಂದರೆ ಇರುವವರಿಗೆ.

ರಿಮೋಟಿನ ಬಿಎಲ್‌ಡಿಸಿ ಫ್ಯಾನುಗಳು ಈ ಸರಣಿಯಲ್ಲಿಲ್ಲ. ಅವುಗಳಲ್ಲಿ ಈ ಬಗೆಯ ಕೆಪಾಸಿಟರ್ ಇರುವುದಿಲ್ಲ, ಮೋಟಾರನ್ನು ಓಡಿಸುವುದು ಒಳಗಿನ ಸರ್ಕ್ಯೂಟ್ ಬೋರ್ಡು.