ನೂರು ಮೀಟರ್‌ಗೆ 35 ಪಾಯಿಂಟ್

"ಎದುರು ಮನೆಯವರಿಗಿಂತ ನಮಗ್ಯಾಕೆ ಡೆಲಿವರಿ ಚಾರ್ಜ್ ಇಷ್ಟು ಜಾಸ್ತಿ?" ಗೇಟಿನ ಮುಂದೆ ಕೇಕಿನ ಬಾಕ್ಸ್ ಹಿಡಿದು ನಿಂತಾಗ ಬಂದ ಪ್ರಶ್ನೆ. ಉತ್ತರ ಇರಲಿಲ್ಲ. ಎರಡು ಮನೆಗಳ ನಡುವೆ ನಮ್ಮ ದರ ಬದಲಾಗುವ 6 ಕಿ.ಮೀ. ಗೆರೆ ಹಾದುಹೋಗಿತ್ತು, ಅಷ್ಟೇ.

ತಪ್ಪು ಎಲ್ಲಿತ್ತು ಎಂದು ತಿಳಿಯಲು ಹಣ ಬಿಟ್ಟು ಪಾಯಿಂಟ್‌ನಲ್ಲಿ ಲೆಕ್ಕ ಹಾಕಿ. ಒಂದು ನಿಮಿಷದ ದುಡಿಮೆ ಒಂದು ಪಾಯಿಂಟ್. ಮನೆ 1 ಕಿ.ಮೀ. ದೂರವಿದ್ದರೆ ಗಾಡಿ ಓಡುವುದು 2 ಕಿ.ಮೀ., ವಾಪಸ್ ಬರುವುದನ್ನು ಮರೆಯುವವರೇ ಹೆಚ್ಚು. ಗಂಟೆಗೆ 20 ಕಿ.ಮೀ. ವೇಗದಲ್ಲಿ ಅದಕ್ಕೆ 6 ನಿಮಿಷ. ಪೆಟ್ರೋಲ್, ಟೈರು, ಸರ್ವಿಸ್ ಸೇರಿ 4 ಪಾಯಿಂಟ್ ಅಂದುಕೊಳ್ಳಿ. ಅಲ್ಲಿಗೆ ಪ್ರತಿ ಕಿ.ಮೀ. ದೂರಕ್ಕೆ 10. ಇದಲ್ಲದೆ ಗಾಡಿ ನಿಲ್ಲಿಸಿ, ಫೋನ್ ಮಾಡಿ, ಲಿಫ್ಟ್‌ಗೆ ಕಾದು, ಬಾಕ್ಸ್ ಕೈಗೆ ಕೊಡುವ 10 ನಿಮಿಷ ಹತ್ತಿರದ ಮನೆಗೂ ತಪ್ಪಿದ್ದಲ್ಲ. ಹಾಗಾಗಿ "ಹತ್ತಿರ ಅಂದ್ರೆ ಫ್ರೀ" ಅನ್ನುವುದು ನಷ್ಟವೇ.

ಒಂದೇ ದರ ಹಾಕುವ ದೂರದ ಭಾಗಗಳು, ಅಂದರೆ ನಮ್ಮ ಬ್ಯಾಂಡ್‌ಗಳು, 0–3, 3–6, 6–10 ಕಿ.ಮೀ. ಪ್ರತಿಯೊಂದಕ್ಕೂ ನಡುವಿನ ದೂರ ಹಿಡಿದು, ಆ 10 ನಿಮಿಷವನ್ನೂ ಸೇರಿಸಿ 25, 55, 90 ಎಂದು ದರ ಇಟ್ಟಿದ್ದೆವು. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ 6 ಕಿ.ಮೀ. ಮನೆಯ ನಿಜವಾದ ಖರ್ಚು 70, ಪಡೆದದ್ದು 55. ಅಲ್ಲಿಂದ ನೂರು ಮೀಟರ್ ಮುಂದಿನ ಮನೆಯ ಖರ್ಚು 71, ಪಡೆದದ್ದು 90. ಒಬ್ಬರ ಉಳಿತಾಯವನ್ನು ಪಕ್ಕದವರ ತಲೆಗೆ ಕಟ್ಟಿದಂತೆ!

2 ಕಿ.ಮೀ.ಗೊಂದು ಬ್ಯಾಂಡ್ ಮಾಡಿದರೆ ದರ 20, 40, 60, 80, 100 ಆಗುತ್ತದೆ. ಗೆರೆ ದಾಟಿದರೆ ಏರುವುದು 20 ಮಾತ್ರ, ಖರ್ಚಿಗೂ ದರಕ್ಕೂ ಅಂತರ ಹೆಚ್ಚೆಂದರೆ 10. ಇದಕ್ಕಿಂತ ಸಣ್ಣದಾಗಿ ಕತ್ತರಿಸಿದರೆ ಗ್ರಾಹಕರಿಗೆ ಪಟ್ಟಿ ಓದುವುದೇ ಕಷ್ಟ. ಒಂದು ಬ್ಯಾಂಡಿನ ಆರ್ಡರ್‌ಗಳೆಲ್ಲ ಹೊರ ಅಂಚಿನ ಅಪಾರ್ಟ್‌ಮೆಂಟ್‌ಗಳಿಂದಲೇ ಬರುತ್ತಿದ್ದರೆ ನಡುವಿನ ದೂರ ಬಿಟ್ಟು ಕಳೆದ ಆರ್ಡರ್‌ಗಳ ಸರಾಸರಿ ದೂರ ಹಿಡಿಯಬೇಕು.

ಮ್ಯಾಪಿನ ಮೇಲೆ ಕೈವಾರದಲ್ಲಿ ವೃತ್ತ ಎಳೆಯಬೇಡಿ. ಹೊಳೆ, ರೈಲು ಹಳಿ, ಒನ್‌ವೇ ಯಾವುದೂ ವೃತ್ತಕ್ಕೆ ಗೊತ್ತಿಲ್ಲ. ಹೋಗುವ ಮತ್ತು ಬರುವ ರಸ್ತೆಯನ್ನು ಬೇರೆಬೇರೆ ಅಳೆದು, ಕೂಡಿಸಿ, ಅರ್ಧ ಮಾಡಿ.

ಒಂದೇ ದಾರಿಯಲ್ಲಿ 4 ಮತ್ತು 5 ಕಿ.ಮೀ. ಆರ್ಡರ್ ಸಿಕ್ಕರೆ ಬೇರೆಬೇರೆ ಹೋದಾಗಿನ 110ರ ಬದಲು 70ರಲ್ಲಿ ಮುಗಿಯುತ್ತದೆ. ಉಳಿದ 40ರಲ್ಲಿ ರಿಯಾಯಿತಿ ಕೊಡುವುದಾದರೆ "ಮೂರು ಗಂಟೆಯೊಳಗೆ ಯಾವಾಗ ತಂದರೂ ಸರಿ" ಅನ್ನುವವರಿಗೆ ಕೊಡಿ. ಆ ಸಡಿಲಿಕೆ ಇದ್ದದ್ದಕ್ಕೇ ಎರಡು ಆರ್ಡರ್ ಒಟ್ಟಿಗೆ ಸೇರಿದ್ದು.

ಸಂಜೆಯ ಟ್ರಾಫಿಕ್‌ನಲ್ಲಿ ವೇಗ 12ಕ್ಕೆ ಇಳಿದರೆ ಪೆಟ್ರೋಲ್ ಲೆಕ್ಕ ಬದಲಾಗದಿದ್ದರೂ ಕಿ.ಮೀ.ಗೆ 10 ಇದ್ದದ್ದು 14 ಆಗುತ್ತದೆ. ಆ ಹೊತ್ತಿಗೆ ಬೇರೆ ದರವನ್ನು ಪಟ್ಟಿಯಲ್ಲೇ ಬರೆದಿಡಿ, ಗೇಟಿನ ಮುಂದೆ ಹೇಳಬೇಡಿ.