ಕುಮಾರ ಪರ್ವತದ ತುದಿಯಲ್ಲಿ ಎಷ್ಟು ಚಳಿ? ಕುಕ್ಕೆಯಲ್ಲೇ ಕೂತು ಲೆಕ್ಕ ಹಾಕುವುದು ಹೇಗೆ

ಮೊದಲ ಸಲ ಕುಮಾರ ಪರ್ವತ ಹತ್ತಿದಾಗ ನನ್ನ ಬ್ಯಾಗಿನಲ್ಲಿ ಎರಡು ಸ್ವೆಟರ್, ಒಂದು ದಪ್ಪ ಜಾಕೆಟ್, ಉಲನ್ ಟೋಪಿ ಎಲ್ಲ ಇದ್ದವು. ಹೊರಡುವ ಮುಂಚೆ ಲೆಕ್ಕ ಹಾಕಿದ್ದೆ. ಕುಕ್ಕೆಯಲ್ಲಿ ಬೆಳಗಿನ ಜಾವ 19 ಡಿಗ್ರಿ, ಬೆಟ್ಟ ಹತ್ತಿದರೆ 10 ಡಿಗ್ರಿ ಕಡಿಮೆ, ಅಂದರೆ ಮೇಲೆ 9. ಹಾಗಂತ ಗಂಟು ಕಟ್ಟಿಕೊಂಡು ಹೋದೆ. ಅದರಲ್ಲಿ ಒಂದೇ ಒಂದು ಬಟ್ಟೆಯನ್ನೂ ಬ್ಯಾಗಿನಿಂದ ಹೊರತೆಗೆಯಲಿಲ್ಲ. ಚೆಕ್‌ಪೋಸ್ಟ್ ದಾಟಿದ ಮೇಲೆ ಮರಗಳಿಲ್ಲದ ಹುಲ್ಲುಗಾವಲಿನಲ್ಲಿ ಆ ಭಾರ ಹೊತ್ತು ಬೆವರು ಸುರಿಸಿದ್ದಷ್ಟೇ ಬಂತು. ತುದಿಯಲ್ಲಿ ನಡುಕ ಬಂದಿದ್ದು ನಿಜ. ಆದರೆ ಅದು ಒದ್ದೆ ಅಂಗಿಗೆ ಗಾಳಿ ಬಡಿದದ್ದಕ್ಕೆ. ಗಾಳಿ ತಡೆಯುವ ತೆಳು ಜಾಕೆಟ್ ಮಾತ್ರ ಮನೆಯಲ್ಲೇ ಬಿಟ್ಟಿದ್ದೆ.

ಲೆಕ್ಕ ಎಲ್ಲಿ ತಪ್ಪಿತು ಅಂತ ತಲೆ ಕೊರೆಯುತ್ತಲೇ ಇತ್ತು. ಹಾಗಾಗಿ ಈ ಜನವರಿಯಲ್ಲಿ ಮತ್ತೆ ಹೋದಾಗ ಎರಡು ಥರ್ಮಾಮೀಟರ್ ತೆಗೆದುಕೊಂಡು ಹೋದೆ. ಒಂದು ನನ್ನ ಜೊತೆ ಮೇಲಕ್ಕೆ. ಇನ್ನೊಂದು ಮಂಡಿನೋವಿನ ಚಿಕ್ಕಪ್ಪನ ಹತ್ತಿರ. ಅವರು ದೇವಸ್ಥಾನಕ್ಕೆಂದು ಬಂದು ಕುಕ್ಕೆಯಲ್ಲೇ ರೂಮಿನಲ್ಲಿ ಉಳಿಯುವವರಿದ್ದರು. “ಏನೋ, ಬೆಟ್ಟಕ್ಕೆ ಜ್ವರ ನೋಡೋಕೆ ಹೊರಟಿದ್ದೀಯಾ?” ಅಂತ ನಕ್ಕರು. ಆದರೆ ಒಪ್ಪಿಕೊಂಡರು.

ಹೊರಡುವ ಹಿಂದಿನ ದಿನ ಎರಡನ್ನೂ ಮನೆಯಲ್ಲಿ ಪರೀಕ್ಷೆ ಮಾಡಿದೆ. ಸ್ಟೀಲ್ ಲೋಟದ ತುಂಬ ಪುಡಿ ಮಾಡಿದ ಐಸ್, ಸ್ವಲ್ಪ ನೀರು, ಹತ್ತು ನಿಮಿಷ. ಎರಡೂ ಸೊನ್ನೆ ತೋರಿಸಬೇಕು. ಒಂದು ಸರಿಯಾಗಿ ತೋರಿಸಿತು, ಇನ್ನೊಂದು ಅರ್ಧ ಡಿಗ್ರಿ ಜಾಸ್ತಿ. ಆ ಅರ್ಧವನ್ನು ಕಳೆಯಬೇಕು ಅಂತ ಅದರ ಮೇಲೆ ಚೀಟಿ ಅಂಟಿಸಿ ಚಿಕ್ಕಪ್ಪನಿಗೆ ಕೊಟ್ಟೆ. ಎರಡು ಜಾಗ ಹೋಲಿಸುವಾಗ ಇದನ್ನು ಮಾಡದಿದ್ದರೆ ಉಪಯೋಗವಿಲ್ಲ, ಯಾಕೆಂದರೆ ನಾವು ಹುಡುಕುತ್ತಿರುವ ವ್ಯತ್ಯಾಸವೇ ಹತ್ತು ಡಿಗ್ರಿಯ ಆಸುಪಾಸು.

ಈಗ ಎತ್ತರದ ಲೆಕ್ಕ. ಕುಮಾರ ಪರ್ವತದ ತುದಿ 1712 ಮೀಟರ್. ಕುಕ್ಕೆ ಘಟ್ಟದ ಬುಡದಲ್ಲಿದೆ, ಸುಮಾರು 120 ಮೀಟರ್. ನಡುವೆ ಹತ್ತಿರ ಹತ್ತಿರ 1600 ಮೀಟರ್. ಚಳಿಯ ವಿಷಯದಲ್ಲಿ ಮುಖ್ಯವಾದದ್ದು ಈ ವ್ಯತ್ಯಾಸವೇ ಹೊರತು ತುದಿಯ ಎತ್ತರವಲ್ಲ. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರದ ಬೆಟ್ಟ, 1900 ಮೀಟರ್ ದಾಟುತ್ತದೆ. ಆದರೆ ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರ್ ಮೇಲಿದೆ. ಹಾಗಾಗಿ ಅಲ್ಲಿಂದ ಹೋದವರಿಗೆ ಐದಾರು ಡಿಗ್ರಿ ಮಾತ್ರ ತಂಪು ಗೊತ್ತಾಗುತ್ತದೆ. ಕುಕ್ಕೆಯಿಂದ ಹತ್ತಿದವರಿಗೆ ಅದರ ಹೆಚ್ಚುಕಮ್ಮಿ ಎರಡರಷ್ಟು.

ಸಾಮಾನ್ಯವಾಗಿ ಹೇಳುವ ಲೆಕ್ಕ ಇದು: ಸಾವಿರ ಮೀಟರಿಗೆ 6.5 ಡಿಗ್ರಿ ಕಡಿಮೆ. 1600 ಮೀಟರಿಗೆ 10.4 ಆಯಿತು. ವಿಮಾನದವರು ಬಳಸುವ ಮಾದರಿ ವಾತಾವರಣದಲ್ಲೂ ಇದೇ ಅಂಕಿ ಇದೆ. ಆದರೆ ಇದು ಸರಾಸರಿ. ಗಾಳಿ ಪ್ರತಿದಿನ, ಪ್ರತಿ ಗಂಟೆ ಹೀಗೇ ಇರುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ.

ಕಾರಣ ಗೊತ್ತಿದ್ದರೆ ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಅಂತ ತಿಳಿಯುತ್ತದೆ. ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಕಡಿಮೆ. ಅದು ನೆಲವನ್ನು ಕಾಯಿಸುತ್ತದೆ, ನೆಲ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ. ಕುಮಾರ ಪರ್ವತದ ಎತ್ತರಕ್ಕೆ ಹೋಗುವಷ್ಟರಲ್ಲಿ ಸಮುದ್ರ ಮಟ್ಟದ ಒತ್ತಡದಲ್ಲಿ ಸುಮಾರು ಐದನೇ ಒಂದು ಭಾಗ ಇಳಿದಿರುತ್ತದೆ. ಗಾಳಿ ಹಿಗ್ಗುತ್ತದೆ, ಹಿಗ್ಗುವುದಕ್ಕೆ ತನ್ನದೇ ಶಾಖ ಖರ್ಚು ಮಾಡುತ್ತದೆ, ತಣ್ಣಗಾಗುತ್ತದೆ. ಸೈಕಲ್ ಪಂಪ್ ಒತ್ತಿದಾಗ ಬುಡ ಬಿಸಿಯಾಗುತ್ತದಲ್ವಾ, ಅದರ ಉಲ್ಟಾ. ಮೋಡವಿಲ್ಲದ ಗಾಳಿ ಹೀಗೆ ಏರಿದರೆ ಸಾವಿರ ಮೀಟರಿಗೆ ಹತ್ತು ಡಿಗ್ರಿಯಷ್ಟು ತಣ್ಣಗಾಗುತ್ತದೆ. ಮೋಡ ಕಟ್ಟಲು ಶುರುವಾದರೆ ಆವಿ ನೀರಾಗುವಾಗ ಬಿಡುವ ಶಾಖ ಸೇರಿಕೊಂಡು ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ. 6.5 ಇವೆರಡರ ನಡುವೆ ಕೂತಿದೆ. ಹಗಲಿನ ಅಂದಾಜಿಗೆ ಈ ಸರಾಸರಿ ಸಾಕು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದ್ದು ರಾತ್ರಿ ಮತ್ತು ಬೆಳಗಿನ ವಿಷಯದಲ್ಲಿ. ಮೇಲೆ ಹೇಳಿದ ಕಥೆಯೆಲ್ಲ ನೆಲ ಕಾದು ಗಾಳಿ ಏರುವಾಗಿನದು. ರಾತ್ರಿ ನೆಲ ತಣ್ಣಗಾಗುತ್ತದೆ. ಅದನ್ನು ಮುಟ್ಟಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ಇಳಿಜಾರಿನಲ್ಲಿ ನೀರಿನ ಹಾಗೆ ಜಾರಿ ಕಣಿವೆಯಲ್ಲಿ ನಿಲ್ಲುತ್ತದೆ. ಕುಕ್ಕೆ ಇರುವುದು ಅಂಥ ತಗ್ಗಿನಲ್ಲೇ, ಕುಮಾರಧಾರೆಯ ಪಕ್ಕ.

ನಾವು ಮೊದಲ ದಿನ ಮಧ್ಯಾಹ್ನ ಹತ್ತಿ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಉಳಿದೆವು. ಅನ್ನ, ಸಾಂಬಾರು, ಮಜ್ಜಿಗೆ, ನಿದ್ದೆ. ಬೆಳಿಗ್ಗೆ 6 ಗಂಟೆಗೆ ಎದ್ದು ಅಂಗಳದಲ್ಲಿ ಥರ್ಮಾಮೀಟರ್ ನೋಡಿದರೆ 19.5. ಆಮೇಲೆ ಗೊತ್ತಾಯಿತು, ಅದೇ ಹೊತ್ತಿಗೆ ಚಿಕ್ಕಪ್ಪನ ಹತ್ತಿರ ಇದ್ದದ್ದು 18. ನೂರಾರು ಮೀಟರ್ ಮೇಲಿದ್ದ ನಾವೇ ಬೆಚ್ಚಗಿದ್ದೆವು! ಇದನ್ನು ಕಣ್ಣಿನಲ್ಲೇ ಗುರುತು ಹಿಡಿಯಬಹುದು. ಸ್ವಲ್ಪ ಮೇಲೆ ಹೋಗಿ ಹಿಂತಿರುಗಿ ನೋಡಿದರೆ ಕಣಿವೆಯಲ್ಲಿ ಮಂಜು ಹಾಲು ತುಂಬಿದ ಹಾಗೆ ಸಮನಾಗಿ ನಿಂತಿತ್ತು. ಮೇಲ್ಭಾಗ ಚಾಕುವಿನಿಂದ ಕೊಯ್ದಷ್ಟು ನೇರ. ತಣ್ಣನೆ ಗಾಳಿ ಎಲ್ಲಿಯವರೆಗೆ ನಿಂತಿದೆ ಅನ್ನುವುದಕ್ಕೆ ಅದೇ ಗೆರೆ. ಆಕಾಶ ಶುಭ್ರವಾಗಿದ್ದು ಗಾಳಿ ಬೀಸದ ರಾತ್ರಿ ಕಳೆದರೆ ಹೀಗಾಗುತ್ತದೆ. ಮೋಡ ಮುಚ್ಚಿದ್ದರೆ ಅಥವಾ ಜೋರು ಗಾಳಿ ಇದ್ದರೆ ಆಗುವುದಿಲ್ಲ.

ಮೊದಲ ಸಲ ನಾನು ಮಾಡಿದ ತಪ್ಪು ಇದೇ. ಕಣಿವೆಯ ಬೆಳಗಿನ ಜಾವದ ಅಂಕಿಯಿಂದ ಹತ್ತು ಕಳೆದಿದ್ದೆ. ಆ ಅಂಕಿ ಮೊದಲೇ ಕಣಿವೆಯ ತಣ್ಣನೆ ಗಾಳಿಯದು. ಅದರಿಂದ ಮತ್ತೆ ಕಳೆದರೆ ಚಳಿಯನ್ನು ಎರಡು ಸಲ ಎಣಿಸಿದ ಹಾಗೆ.

ತುದಿ ತಲುಪಿದ್ದು ಹತ್ತೂವರೆಗೆ. ಕಲ್ಲು ಮಂಟಪ ದಾಟಿ, ಶೇಷ ಪರ್ವತ ಹತ್ತಿ ಇಳಿದು, ಮತ್ತೆ ಕಾಡು ಹೊಕ್ಕು, ಕೊನೆಯ ಬಂಡೆ ಏರಿ. ಮೇಲೆ ಹೋದ ಕೂಡಲೇ ನನ್ನ ಗೆಳೆಯ ಥರ್ಮಾಮೀಟರನ್ನು ಬಂಡೆಯ ಮೇಲಿಟ್ಟ. 27 ತೋರಿಸಿತು. ಅದು ಬಂಡೆ ಮತ್ತು ಬಿಸಿಲಿನ ಬಿಸಿ, ಗಾಳಿಯದಲ್ಲ. ಎತ್ತಿಕೊಂಡು, ನನ್ನ ನೆರಳಿನಲ್ಲಿ ದಾರ ಹಿಡಿದು ಐದು ನಿಮಿಷ ನಿಧಾನಕ್ಕೆ ತೂಗಿದೆ. 18ಕ್ಕೆ ಇಳಿದು ನಿಂತಿತು. ಒಂಬತ್ತು ಡಿಗ್ರಿ ವ್ಯತ್ಯಾಸ, ಒಂದೇ ಜಾಗದಲ್ಲಿ! ಮೇಲೆ ಮೂವತ್ತು ಡಿಗ್ರಿ ಇತ್ತು ಅಂತ ಯಾರಾದರೂ ಹೇಳಿದರೆ ಮೊದಲು ಥರ್ಮಾಮೀಟರ್ ಎಲ್ಲಿಟ್ಟಿದ್ದಿರಿ ಅಂತ ಕೇಳಿ.

ಎರಡು ಗಂಟೆ ಅಲ್ಲೇ ಕೂತೆವು. 12:30ಕ್ಕೆ ಮತ್ತೆ ನೋಡಿದಾಗ 19.5. ಸಂಜೆ ಕೆಳಗೆ ಬಂದು ಚಿಕ್ಕಪ್ಪನ ಬರಹಕ್ಕೆ ಹೋಲಿಸಿದೆ. ಹತ್ತೂವರೆಗೆ ಕುಕ್ಕೆಯಲ್ಲಿ 26.5. ವ್ಯತ್ಯಾಸ 8.5, ಅಂದರೆ ಸಾವಿರ ಮೀಟರಿಗೆ ಐದು ಚಿಲ್ಲರೆ. ಹನ್ನೆರಡೂವರೆಗೆ ಕುಕ್ಕೆಯಲ್ಲಿ 31. ವ್ಯತ್ಯಾಸ 11.5, ಸಾವಿರ ಮೀಟರಿಗೆ ಏಳು ಚಿಲ್ಲರೆ. ಒಂದೇ ಬೆಟ್ಟ, ಒಂದೇ ದಿನ, ಎರಡು ಗಂಟೆಯ ಅಂತರ. ಬೆಳಿಗ್ಗೆ ಕಣಿವೆಯ ತಣ್ಣನೆ ಗಾಳಿ ಇನ್ನೂ ಪೂರ್ತಿ ಕರಗಿರಲಿಲ್ಲ, ಹಾಗಾಗಿ ಕಡಿಮೆ. ಮಧ್ಯಾಹ್ನ ಕುಕ್ಕೆ ಕಾದ ಹೆಂಚಾಯಿತು, ತುದಿ ಅಷ್ಟು ಕಾಯಲಿಲ್ಲ, ಹಾಗಾಗಿ ಜಾಸ್ತಿ. 6.5 ಇವೆರಡರ ನಡುವೆ ಬಿತ್ತು.

ನೀವು ಹೋಗುವವರಿದ್ದರೆ ಹೀಗೆ ಮಾಡಿ. ಕುಕ್ಕೆಯ ಆ ದಿನದ ಗರಿಷ್ಠ ತಾಪಮಾನ ನೋಡಿ, ಅದರಿಂದ 10 ಅಥವಾ 11 ಕಳೆಯಿರಿ. ಮಧ್ಯಾಹ್ನ ತುದಿಯಲ್ಲಿ ಇರುವುದು ಅಷ್ಟೇ. ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ತಲುಪುವವರು ಆ ಹೊತ್ತಿನ ಕುಕ್ಕೆಯ ಅಂಕಿಯಿಂದ 8 ಕಳೆದರೆ ಸಾಕು. ಸೂರ್ಯ ಹುಟ್ಟುವ ಮುಂಚಿನ ಕನಿಷ್ಠ ತಾಪಮಾನದಿಂದ ಮಾತ್ರ ಪೂರ್ತಿ ಕಳೆಯಬೇಡಿ. ಶುಭ್ರ ರಾತ್ರಿಯಾದರೆ ನಾಲ್ಕೈದು ಕಳೆಯಿರಿ. ಮಳೆ, ಮೋಡ, ಗಾಳಿ ಇದ್ದ ರಾತ್ರಿಯಾದರೆ ಎಂಟು ಕಳೆಯಬಹುದು. ಈ ಕೊನೆಯ ಎರಡು ಅಂಕಿ ನನ್ನ ಅಂದಾಜು, ಒಂದೆರಡು ಡಿಗ್ರಿ ಆಚೀಚೆ ಇಟ್ಟುಕೊಳ್ಳಿ.

ಮೊಬೈಲ್ ಆ್ಯಪಿನಲ್ಲಿ ಬೆಟ್ಟದ ಹೆಸರು ಹೊಡೆದು ನೋಡುವವರು ಅದು ಯಾವ ಎತ್ತರಕ್ಕೆ ಹೇಳುತ್ತಿದೆ ಅಂತ ಗಮನಿಸಿ. ಹವಾಮಾನದ ಮಾದರಿಗಳು ನೆಲವನ್ನು ಕೆಲವು ಕಿಲೋಮೀಟರ್ ಅಗಲದ ಚೌಕಗಳಾಗಿ ನೋಡುತ್ತವೆ. ಆ ಚೌಕದಲ್ಲಿ ಬೆಟ್ಟವೂ ಕಣಿವೆಯೂ ಸೇರಿ ಸರಾಸರಿಯಾಗಿ, ಶಿಖರ ಬೋಳಾಗಿಬಿಡುತ್ತದೆ. ಎತ್ತರ 900 ಮೀಟರ್ ಅಂತ ತೋರಿಸಿದರೆ ಇನ್ನೂ 800 ಮೀಟರಿನ ಲೆಕ್ಕ ಬಾಕಿ ಇದೆ. ಹಗಲಾದರೆ ಐದು ಡಿಗ್ರಿ ನೀವೇ ಕಳೆಯಬೇಕು.

ಗಾಳಿಯ ವಿಷಯ. ಗಾಳಿಗೆ ಎಷ್ಟು ಚಳಿಯಾಗುತ್ತದೆ ಎಂದು ಹೇಳುವ ಪಟ್ಟಿಗಳು 10 ಡಿಗ್ರಿಗಿಂತ ಕೆಳಗಿನ ಚಳಿಗೆ ಮಾಡಿದವು, ಅದೂ ಒಣಗಿದ ಬರಿ ಮುಖದ ಚರ್ಮಕ್ಕೆ. ಕುಮಾರ ಪರ್ವತದ 18 ಡಿಗ್ರಿಗೆ ಅವು ಹೊಂದುವುದಿಲ್ಲ. ಇಲ್ಲಿ ನಡುಗಿಸುವುದು ಬೆವರು. ಈ ಸಲ ತುದಿ ತಲುಪಿದ ಕೂಡಲೇ ಒದ್ದೆ ಅಂಗಿ ಬಿಚ್ಚಿ ಒಣ ಬನಿಯನ್, ಅದರ ಮೇಲೆ ತೆಳು ಜಾಕೆಟ್ ಹಾಕಿಕೊಂಡೆ. ಎರಡೂ ಸೇರಿ ಅರ್ಧ ಕೆಜಿ ಇರಲಿಲ್ಲ. ಗೆಳೆಯ ಒದ್ದೆ ಅಂಗಿಯಲ್ಲೇ ಕೂತು ಹತ್ತು ನಿಮಿಷದಲ್ಲಿ ಹಲ್ಲು ಕಡಿಯತೊಡಗಿದ. ಇಬ್ಬರಿಗೂ ಇದ್ದದ್ದು ಅದೇ 18 ಡಿಗ್ರಿ.

ಚಿಕ್ಕಪ್ಪ ಎಲ್ಲವನ್ನೂ ಸೇವೆಯ ರಸೀದಿಯ ಹಿಂಭಾಗದಲ್ಲಿ ಬರೆದಿಟ್ಟಿದ್ದರು, ಅರ್ಧ ಗಂಟೆಗೊಂದು ಸಾಲು, ಅರ್ಧ ಡಿಗ್ರಿ ಕಳೆದು. 2 ಗಂಟೆಯ ಸಾಲಿನಲ್ಲಿ 32. ಅದರ ಕೆಳಗೆ ಅಂಕಿ ಇರಲಿಲ್ಲ, “ಪ್ರಸಾದ ಊಟ ಆದ ಮೇಲೆ ನಿದ್ದೆ ಬಂತು” ಅಂತ ಬರೆದಿದ್ದರು.